ಕಿಟಕಿಯ ಕೆಳಗಿನ ಗೆರೆ

ಕೊಳ್ಳೇಗಾಲದಲ್ಲಿ ದೇವರಾಜನ ಆಟೊ ಎಲೆಕ್ಟ್ರಿಕಲ್ ಅಂಗಡಿಯ ಎದುರಿಗೇ ನೇಕಾರ ಹೊನ್ನಯ್ಯನ ಮನೆ. ಆ ಮನೆಯ ಗೋಡೆಯ ಮೇಲೆ, ಕಿಟಕಿಯ ಕೆಳಗೆ, ಹೆಡ್‌ಲೈಟಿನ ಎತ್ತರ ಹೊಂದಿಸಲೆಂದು ದೇವರಾಜ ಬಣ್ಣದ ಗೆರೆಯೊಂದನ್ನು ಎಳೆದಿದ್ದ. ಡಿಮ್‌ ಮಾಡಿದ ಹೆಡ್‌ಲೈಟಿನ ಬೆಳಕು ರಸ್ತೆಯ ಅಂಚು ಕಾಣಲೆಂದು ಎಡತುದಿಯಲ್ಲಿ ತುಸು ಮೇಲೇರಬಹುದು. ಉಳಿದಂತೆ ಆ ಗೆರೆ ದಾಟಬಾರದು.

ಆ ಸಂಜೆ ಹನೂರಿನ ಗುರುಪ್ರಕಾಶ್ ಪಿಕಪ್ ತಂದು ನಿಲ್ಲಿಸಿದ. ಹಿಂದಿನ ದಿನವಷ್ಟೇ ಆರ್‌ಟಿಒದಲ್ಲಿ ಅದರ ಎಫ್‌ಸಿ ತಪಾಸಣೆ ಆಗಿತ್ತು. ಅದಕ್ಕೆಂದೇ ದೇವರಾಜ ಎಲ್‌ಇಡಿ ಬಿಚ್ಚಿ ಹ್ಯಾಲೊಜನ್ ಬಲ್ಬ್ ಹಾಕಿಕೊಟ್ಟಿದ್ದ. ಈಗ ಮತ್ತೆ ಎಲ್‌ಇಡಿಯೇ ಬೇಕಂತೆ!

“ಈ ರಿಫ್ಲೆಕ್ಟರ್ ಮಾಡಿರೋದೇ ಹ್ಯಾಲೊಜನ್‌ಗೆ ಕಣಣ್ಣ. ಎಲ್‌ಇಡಿ ಆಕುದ್ರೆ ಬೆಳಕು ಚೆಲ್ಲಾಡ್ತದೆ. ಕಾನೂನೂ ಒಪ್ಪಲ್ಲ,” ಎಂದ ದೇವರಾಜ.

“ಎದುರು ಬರೋರೆಲ್ಲ ಆಕಂಡವ್ರೆ, ನಂಗೆ ರಸ್ತೆನೇ ಕಾಣಲ್ಲ. ಅವ್ರಿಗೆಲ್ಲ ಆಕ್ಕೊಟ್ಟೋನು ಯಾರ್ಲಾ?”

ದೇವರಾಜ ಪಿಕಪ್‌ನ ಆಚೆ ನೋಡಿದ. ಹಿಂದೆ ಇನ್ನೂ ಮೂರು ಗಾಡಿ ನಿಂತಿದ್ದವು, ಮೂರಕ್ಕೂ ಅದೇ ಬೇಕಿತ್ತು. ಹಲ್ಲು ಕಚ್ಚಿಕೊಂಡು ಎಲ್‌ಇಡಿ ಹಾಕಿ ಹೊತ್ತಿಸಿದ. ಅಂಚೇ ಇಲ್ಲದ ಬಿಳಿ ಬೆಳಕು ಗೆರೆ ದಾಟಿ ಕಿಟಕಿಗೆ ನುಗ್ಗಿತು. ಒಳಗೆ ಮಗ್ಗದ ಸದ್ದು ನಿಂತಿತು. ಸ್ಕ್ರೂ ತಿರುಗಿಸಿ ಬೆಳಕನ್ನು ತಗ್ಗಿಸಿದ. ಮುಂದೆ ಕಾಣುವ ರಸ್ತೆ ಮೋಟಾಯಿತೇ ಹೊರತು ಕಿಟಕಿಯ ಮೇಲಿನ ಝಳ ಹೋಗಲಿಲ್ಲ.

ಹೊನ್ನಯ್ಯ ಕಣ್ಣಿಗೆ ಕೈ ಅಡ್ಡ ಹಿಡಿದು ಕಿಟಕಿಗೆ ಬಂದ.

“ನಾನೇನೋ ಕಿಟ್ಕಿ ಮುಚ್ಕತೀನಿ ಕಣ್ಲಾ ದೇವರಾಜ. ಎದುರಿಂದ ಗಾಡಿ ಓಡಿಸ್ಕಂಡು ಬರೋನು ಏನ ಮುಚ್ಕಂಡಾನು?”