ಏಳನೆಯ ಗೆರೆ

ನೂರು ಮೀಟರ್ ಓಟದ ಫೈನಲ್‌ಗೆ ಸುಣ್ಣದ ಪುಡಿಯ ಲೆಕ್ಕ ಹಾಕಿದ್ದು ಪಿ.ಟಿ. ಟೀಚರ್ ಅನುಸೂಯಾ. ಆರು ಲೇನ್, ಅಂದರೆ ಆರುನೂರು ಮೀಟರ್ ಗೆರೆ. ಐದು ಸೆಂಟಿಮೀಟರ್ ಅಗಲಕ್ಕೆ ಮೂವತ್ತು ಚದರ ಮೀಟರ್. ಚದರ ಮೀಟರಿಗೆ ಅರ್ಧ ಕೆಜಿಯಂತೆ ಹದಿನೈದು ಕೆಜಿ; ಅಡ್ಡಗೆರೆಗಳಿಗೆ ಇನ್ನರ್ಧ ಕೆಜಿ.

ಬೆಳಗ್ಗೆ ಆರನೆಯ ಗೆರೆ ಎಳೆದು ಜವಾನ ದುರುಗಣ್ಣ ಚೀಲ ಝಾಡಿಸಿದ. "ಪುಡಿ ಖಾಲಿ ಆತ್ರಿ ಮೇಡಂ."

ಅನುಸೂಯಾ ಎಣಿಸಿದಳು. ಗೆರೆ ಆರು, ಲೇನ್ ಐದೇ. ಐದು ಬೆರಳಿಗೆ ನಾಲ್ಕೇ ಸಂದು. ಅಷ್ಟೂ ಹೊಳೆಯಲಿಲ್ಲವೇ ಈ ಹಾಳು ತಲೆಗೆ? ಹೊಸಪೇಟೆಯ ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ತೀರ್ಪುಗಾರರು ಐವರೇ ಓಡಲಿ ಎಂದು ಕೊನೆಯ ಹೆಸರನ್ನು ಹೊಡೆದುಹಾಕಿದರು.

ಆ ಹೆಸರಿನ ಹುಡುಗಿ, ವಡ್ಡು ಊರಿನ ಹುಲಿಗೆಮ್ಮ, ಆಗಲೇ ಚಪ್ಪಲಿ ಬಿಟ್ಟು, ಆರನೆಯ ಗೆರೆಯಾಚೆ ಬರಿಮಣ್ಣಲ್ಲಿ ನಿಂತಿದ್ದಳು.

"ಆರನೇ ಲೇನ್ ನಂದರಿ ಮೇಡಂ. ಇಲ್ಲೇ ನಿಂದ್ರಲೇನ್ರಿ?"