ಎತ್ತಿದ ಬಾಲ

ದಿಕ್ಕಿಲ್ಲದ ನಾಯಿಗಳ ಆಶ್ರಯಧಾಮದಲ್ಲಿ ಯಾವ ನಾಯಿ ಯಾವ ಮನೆಗೆ ಹೋಗಬೇಕೆಂದು ತೀರ್ಮಾನಿಸುವ ಕೆಲಸ ಅವಳದು. ಬೆಳಗಿನಿಂದ ನಿಂತು ನಿಂತು ಕಾಲು ಸೋತಿತ್ತು. ಸಾಲದ್ದಕ್ಕೆ ಸಂಜೆ ಬಂದವಳು ಸ್ವಂತ ಅಕ್ಕ; ಜೊತೆಗೆ ಭಾವ, ನಾಲ್ಕು ವರ್ಷದ ಪುಟ್ಟಿ. ಪುಟ್ಟಿಗೆ ಕರಿಯ ಅನ್ನುವ ನಾಯಿಯೇ ಬೇಕಂತೆ.

ಕರಿಯನನ್ನು ಯಾರೂ ಒಯ್ಯದೆ ತಿಂಗಳುಗಳೇ ಕಳೆದಿದ್ದವು. ಹೂಂ ಅಂದುಬಿಟ್ಟರೆ ಅವನಿಗೂ ಒಂದು ಮನೆ, ಅಕ್ಕನಿಗೂ ಸಮಾಧಾನ. ಹೂಂ ಅನ್ನುವುದಕ್ಕೆ ಬಾಯಿಯೂ ತೆರೆದಿತ್ತು.

ಆದರೂ ಮಗುವನ್ನು ಕಂಡರೆ ಹೇಗಿರುತ್ತಾನೋ ನೋಡೋಣವೆಂದು ಅವಳು ಹಗ್ಗ ಹಿಡಿದು ಕರಿಯನ ಹಿಂದೆ ನಿಂತಳು. ಜಾಲರಿಯ ಆಚೆ ಪುಟ್ಟಿ ಕುಣಿಯುತ್ತ, ಕೀರಲು ದನಿಯಲ್ಲಿ ಕರೆಯುತ್ತ ಬಂದಳು.

"ನೋಡೇ, ಬಾಲ ಹೇಗೆ ಆಡಿಸ್ತಿದೆ! ಖುಷಿಯೋ ಖುಷಿ," ಅಂದಳು ಅಕ್ಕ.

ಬಾಲ ಆಡುತ್ತಿತ್ತು, ನಿಜ. ಆದರೆ ಕೋಲಿನಂತೆ ಸೆಟೆದು ಮೇಲೆದ್ದಿತ್ತು. ತುದಿಯಷ್ಟೇ ಪಟಪಟನೆ ಅದುರುತ್ತಿತ್ತು. ಅದುರುವಾಗಲೂ ಎಡಕ್ಕೇ ಹೆಚ್ಚು ವಾಲುತ್ತಿತ್ತು. ಮೈಯೆಲ್ಲ ಬಿಗಿದಿತ್ತು.

"ಅಕ್ಕ, ಇದು ಖುಷಿ ಅಲ್ಲ, ಗಾಬರಿ. ಕಚ್ಚಿದ್ರೂ ಕಚ್ಚಬಹುದು."

"ಬಲಕ್ಕೆ ಬೀಸಿದ್ರೆ ಒಳ್ಳೇದು ಅಂತ ನೀನೇ ಹೇಳಿದ್ದಲ್ವಾ? ಬಲಕ್ಕೇ ಬೀಸ್ತಿದೆಯಲ್ಲ!"

"ಅದು ನಿನ್ನ ಬಲ. ನೀನು ಎದುರಿಗೆ ನಿಂತಿದ್ದೀಯ. ಅದರ ಕಡೆಯಿಂದ ನೋಡಿದ್ರೆ ಅದು ಎಡ."

"ನಾಯಿಗಿಂತ ನೀನೇ ಜಾಸ್ತಿ ಹೆದರ್ಕೋತೀಯ ಬಿಡು," ಎಂದು ಭಾವ ನಕ್ಕರು. "ಹಗ್ಗ ಕಂಡ್ರೂ ಹಾವು ಅನ್ನೋಳು."

ಮಾತು ನಾಟಿತು. ಚಿಕ್ಕಂದಿನಿಂದಲೂ ಅವಳು ಹಾಗೆಯೇ. ನಾಯಿಯ ಬಾಲದಲ್ಲಿ ಕಂಡದ್ದು ತನ್ನದೇ ಪುಕ್ಕಲುತನವೇ? ಬರೀ ಎಡ ಬಲ ನೋಡಿ ತೀರ್ಪು ಕೊಡಲಾಗದು, ಅದೂ ಅವಳಿಗೆ ಗೊತ್ತು.

"ಭಾವ, ಪುಟ್ಟಿನ ಒಂದು ನಿಮಿಷ ಆ ಬಾಗಿಲಾಚೆ ಕರ್ಕೊಂಡು ಹೋಗಿ. ನೀವು ಬಂದು ನನ್ನ ಪಕ್ಕ ನಿಂತು ನೋಡಿ."

ಪುಟ್ಟಿಯನ್ನು ಬಾಗಿಲಾಚೆ ಅಕ್ಕನ ಕೈಗೆ ಒಪ್ಪಿಸಿ ಬಂದು ಅವರು ಅವಳ ಪಕ್ಕ ನಿಂತರು. ಬಾಗಿಲು ಮುಚ್ಚಿ ಸ್ವಲ್ಪ ಹೊತ್ತಿಗೆ ಕರಿಯ ಮೈ ಕೊಡವಿದ. ಬಾಲ ಮೆಲ್ಲಗೆ ಬೆನ್ನಿನ ಮಟ್ಟಕ್ಕೆ ಇಳಿಯಿತು. ಕತ್ತು ತಿರುಗಿಸಿ ಅವಳನ್ನು ನೋಡಿದ. ಬಾಲ ಸಡಿಲವಾಗಿ, ಸೊಂಟವನ್ನೂ ಎಳೆದುಕೊಂಡು, ಅಗಲಕ್ಕೆ ಬೀಸಿತು. ಈ ಸಲ ಬಲಕ್ಕೆ ಹೆಚ್ಚು.

ಭಾವನ ನಗು ಆರಿತು. "ಇನ್ನೊಂದ್ಸಲ ಮಗೂನ ಕರೆದು ನೋಡ್ಲಾ?"

"ಬೇಡ ಭಾವ. ಅದಕ್ಕೂ ಸಾಕಾಗಿದೆ, ನನಗೂ. ಪುಟ್ಟಿ ಇರೋ ಮನೆಗೆ ಇದನ್ನ ಕೊಡಲಾರೆ."

ಬಾಗಿಲಾಚೆ ಪುಟ್ಟಿಯ ಅಳು ಶುರುವಾಗಿತ್ತು. "ಊರಿಗೆಲ್ಲ ನಾಯಿ ಹಂಚ್ತಾಳೆ, ಒಡಹುಟ್ಟಿದವಳಿಗೆ ಮಾತ್ರ ಇಲ್ಲ," ಎನ್ನುತ್ತ ಅಕ್ಕ ಮಗುವನ್ನು ಎತ್ತಿಕೊಂಡು ನಡೆದಳು. ಭಾವ ಅಕ್ಕನ ಹಿಂದೆಯೇ ಹೋದರು.

ಅವಳು ನೆಲದ ಮೇಲೇ ಕುಸಿದು ಕೂತಳು. ಇನ್ನು ಮಕ್ಕಳಿಲ್ಲದ ಮನೆಯೊಂದನ್ನು ಹುಡುಕಬೇಕು. ಅದಕ್ಕೂ ಮೊದಲು ಅಕ್ಕನಿಗೆ ಫೋನ್ ಮಾಡಬೇಕು. ಕರಿಯ ಅವಳ ಮೊಣಕಾಲಿಗೆ ಗದ್ದ ಆನಿಸಿದ. ಏಳುವುದು ಇನ್ನೂ ಕಷ್ಟವಾಯಿತು.