ಎಂಟನೇ ಮೋರಿಯ ವರ್ಣನೆ

"ತೆಗಿಯೇ ಕೈ. ಈಗ ನೀನಿಲ್ಲಿ ಯಾವ ಸೀಮೆಯೋಳು?"

ಮಾರುಕಟ್ಟೆಯ ಮ್ಯಾನೇಜರ್ ಪಾರ್ಜಿಟರ್ ಕಚೇರಿಯ ಬಾಗಿಲಿನಿಂದಲೇ ಬೊಗಳಿದ. ನನ್ನ ಕೈ ಆಗಲೇ ಮೀನಂಗಡಿ ಮುಂದಿನ ಎಂಟನೇ ಮೋರಿಯ ಜಾಲರಿಯ ಮೇಲಿತ್ತು. ಹತ್ತೊಂಬತ್ತು ವರ್ಷ ಗುಡಿಸಿದ ಕೈ, ಮಳೆ ಬಂದರೆ ನನ್ನನ್ನು ಕೇಳದೆ ಅಲ್ಲಿಗೆ ಹೋಗುತ್ತದೆ. ಹೋದ ಶುಕ್ರವಾರ ಇದೇ ಮನುಷ್ಯ ನನ್ನ ಪೊರಕೆ, ಮೋರಿಯ ಕೊಕ್ಕೆ, ಬೀಗದ ಕೈ ಎಲ್ಲ ಕಿತ್ತುಕೊಂಡು ಸಹಿ ಹಾಕಿಸಿದ್ದ. ಇನ್ನು ಗುಡಿಸುವುದು ಒಂದು ಯಂತ್ರ. ಅದು ಮಳೆಯಲ್ಲಿ ಹೊರಗೆ ಬರುವುದಿಲ್ಲ. ನಮ್ಮ ಹಾರ್ಕ್‌ಬಿ ಊರಲ್ಲಿ ಮಳೆ ಬರದ ದಿನ ಯಾವುದು ಅಂತ ಯಂತ್ರ ಮಾರಿದವನನ್ನು ಯಾರೂ ಕೇಳಿರಲಿಲ್ಲ.

"ಹೊರಗಿನೋರು ಏನೂ ಮುಟ್ಟಂಗಿಲ್ಲ. ವಿಮೆ ಇಲ್ಲ ನಿಂಗೆ," ಎಂದು ಬಾಗಿಲು ಹಾಕಿಕೊಂಡ.

ನಾವು ಏಳು ಜನ, ಎಲ್ಲರೂ ಈ ಮಾರುಕಟ್ಟೆಯ ಕೆಲಸದಿಂದಲೇ ಹೊರಬಿದ್ದವರು, ನೋಟ್‌ಪುಸ್ತಕ ಹಿಡಿದು ಮಳೆಯಲ್ಲಿ ನಿಂತಿದ್ದೆವು. ನಮಗೆ ಆತ್ಮವಿಶ್ವಾಸ ಸಾಲದು ಅಂತ ನಿರುದ್ಯೋಗ ಕಚೇರಿ ಕಂಡುಹಿಡಿದು ಬರವಣಿಗೆ ತರಗತಿಗೆ ಅಟ್ಟಿತ್ತು. ಈ ಹೊತ್ತು ಒಂದು ಪುಟ ಬರೆದು ಪಾಸಾಗಬೇಕು, ಇಲ್ಲದಿದ್ದರೆ ನಾಲ್ಕು ವಾರ ಭತ್ಯೆ ಬಂದ್. ಕಲಿಸುವವಳು ಇಮೋಜೆನ್, ಹಳದಿ ಮಳೆಯಂಗಿಯ ಹುಡುಗಿ. ಅವಳು ಕೊಟ್ಟ ವಿಷಯ: ಈಗಷ್ಟೇ ಕೆಲಸ ಕಳಕೊಂಡವರ ಕಣ್ಣಿಗೆ ಕಂಡ ಮಳೆಯ ಮಾರುಕಟ್ಟೆ. ನಾವು ಇಲ್ಲಿಂದಲೇ ಬಂದವರು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ಪಾಪ.

ಮುಂಚೆ ಇಲ್ಲಿ ಮೂಟೆ ಹೊರುತ್ತಿದ್ದ ಕ್ಲೈವ್ ಮೊದಲು ಓದಿದ. "ಆಕಾಶ ಗೊಳೋ ಅಂತ ಅತ್ತಿತು."

"ಆಕಾಶ ಎಲ್ಲರ ಪುಟದಲ್ಲೂ ಅಳುತ್ತೆ ಕ್ಲೈವ್. ಹೊಡೆದು ಹಾಕಿ."

"ಅಳ್ಲಿ ಬಿಡಿ ಮೇಡಮ್, ಅದ್ಕೂ ಕೆಲ್ಸ ಹೋಗಿರ್ಬೇಕು."

ನನ್ನದು ಚಿಕ್ಕದು: "ಹಲ್ಕಾ ಪಾರ್ಜಿಟರ್ ನನ್ನನ್ನು ಓಡಿಸಿದ. ಮಳೆ ಬರುತ್ತಿದೆ."

ಇಮೋಜೆನ್ ಪೆನ್ಸಿಲ್ ಕಚ್ಚಿದಳು. "ಇದು ಸುದ್ದಿ ಡೋರೀನ್. ಮಾರುಕಟ್ಟೆ ಎಲ್ಲಿ? 'ಕೆಲಸ' ಅನ್ನೋ ಪದ ಬರ್ಬಾರ್ದು, 'ದುಃಖ' ಅನ್ನೋದೂ ಬರ್ಬಾರ್ದು. ಇಲ್ಲಿರೋದೆಲ್ಲ ಬರೀಬೇಡಿ. ಕೆಲಸ ಕಳಕೊಂಡ ಕಣ್ಣು ನೋಡದೇ ಇರೋಕಾಗದೆ ಏನನ್ನ ನೋಡುತ್ತೋ ಅದನ್ನ ಮಾತ್ರ. ವಾಸನೆ, ಸದ್ದು, ಕಾಲಿಗೆ ತಾಗಿದ್ದು. ಮಿಕ್ಕಿದ್ದು ಓದೋರಿಗೇ ತಿಳಿಯುತ್ತೆ."

ಆ ಹುಡುಗಿಯ ಮೇಲೆ ನನಗೆ ಸಿಟ್ಟಿತ್ತು. ಆದರೆ ಮಾತು ಸರಿಯಾಗಿತ್ತು. ಹೊಸ ಪುಟ ತಿರುಗಿಸಿ ಬರೆದೆ:

"ಟಾರ್ಪಾಲಿನ ಹೊಟ್ಟೆಯಲ್ಲಿ ನೀರು ನಿಂತಿದೆ. ಯಾರೂ ಕೋಲಿನಿಂದ ಎತ್ತುತ್ತಿಲ್ಲ. ಚೀಸಿನವಳು ತಂತಿಯಿಂದ ಕೊಯ್ಯುತ್ತಾಳೆ, ಮೀನಿನವನು ಚಾಕು ಒರೆಸುತ್ತಾನೆ, ಎಲ್ಲರ ಕೈಯಲ್ಲೂ ಏನೋ ಇದೆ. ಹುರಿದ ಈರುಳ್ಳಿಯ ವಾಸನೆಯ ಕೆಳಗೆ ಕೊಳೆತ ಕೋಸಿನ ವಾಸನೆ. ಎಡಗಾಲಿನ ಬೂಟಿನೊಳಗೆ ತಣ್ಣಗಿದೆ. ಎಂಟನೇ ಮೋರಿಯ ಮೇಲೆ ಕೋಸಿನೆಲೆ, ಅದರಡಿ ಮೀನಿನ ಚರ್ಮ, ಅದರಡಿ ನೀಲಿ ದಾರ. ದಾರ ಎಳೆದರೆ ಎಲ್ಲ ಬರುತ್ತದೆ. ಮೋರಿ ಗೊಟಕ್ ಎಂದು ಸುಮ್ಮನಾಯಿತು. ನೀರು ಈಗ ಇಳಿಜಾರಿನ ಕಡೆಗೆ ತಿರುಗಿದೆ."

ಇಳಿಜಾರಿನ ಕೊನೆಗೆ ಇರುವುದು ಪಾರ್ಜಿಟರ್‌ನ ಕಚೇರಿ.

ಇಮೋಜೆನ್ ನನ್ನ ಹೆಗಲ ಮೇಲಿಂದ ಓದಿದಳು, ಮೋರಿ ನೋಡಿದಳು, ನನ್ನ ಖಾಲಿ ಕೈ ನೋಡಿದಳು. "ಇಲ್ಲೇ ಇದ್ರಾ ನೀವು?" ಎಂದಳು. 'ಕೆಲಸ' ಅನ್ನೋ ಪದ ಬರಬಾರದಿತ್ತಲ್ಲ, ಮೋರಿಯ ಕಡೆ ತಲೆ ಆಡಿಸಿದೆ. ಅವಳು ಪುಟದ ಕೆಳಗೆ ಪಾಸು ಅಂತ ಬರೆದು ಸಹಿ ಹಾಕಿದಳು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಪಾರ್ಜಿಟರ್ ಬೂಟು ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ. ಅವನ ಹಿಂದೆ ಕಸದ ಬುಟ್ಟಿ ತೇಲುತ್ತಿತ್ತು.

"ಡೋರೀನ್, ತಾಯಿ, ಆ ದಾರ ಎಳಿ."

"ವಿಮೆ ಇಲ್ಲ ಸಾರ್ ನಂಗೆ."

"ಇವತ್ತಿನ ಮಟ್ಟಿಗೆ ಕೆಲ್ಸಕ್ಕೆ ತಗೋತೀನಿ. ಅರ್ಧ ದಿನ."

"ಅರ್ಧ ದಿನಕ್ಕೆ ಅರ್ಧ ದಾರ ಎಳೀಬೋದು," ಎಂದ ಕ್ಲೈವ್. ಮೀನಿನವನು ಚಾಕು ಕೆಳಗಿಟ್ಟು ನಕ್ಕ.

ಪಾರ್ಜಿಟರ್ ಮುಖ ಬೀಟ್‌ರೂಟಾಯಿತು. "ಕೆಲ್ಸ ಕೊಟ್ರೂ ಒಲ್ಲೆ ಅಂದ್ಳು ಅಂತ ನಿರುದ್ಯೋಗ ಕಚೇರಿಗೆ ಬರೀತೀನಿ. ನಾಲ್ಕು ವಾರ ಅಲ್ಲ, ಮೂರು ತಿಂಗ್ಳು ನಿಲ್ಸ್ತಾರೆ. ಗೊತ್ತೇನೇ?"

ಗೊತ್ತಿತ್ತು. ದಾರ ನನ್ನ ಬೂಟಿನಿಂದ ಒಂದು ಗೇಣು ದೂರದಲ್ಲಿತ್ತು.

ನೋಟ್‌ಪುಸ್ತಕದಿಂದ ಒಂದು ಹಾಳೆ ಹರಿದು ಅವನಿಗೆ ಚಾಚಿದೆ.

"ಬರೀರಿ ಸಾರ್. ಆದ್ರೆ 'ಕೆಲಸ' ಅನ್ನೋ ಪದ ಬರ್ಬಾರ್ದು. ಕಾಲಿಗೆ ಏನು ತಾಗ್ತಿದೆ, ಅಲ್ಲಿಂದ ಶುರು ಮಾಡಿ."

ಅವನು ಹಾಳೆ ತೆಗೆದುಕೊಳ್ಳಲಿಲ್ಲ. ಅದು ಬಿದ್ದು ಅವನ ಕಚೇರಿಯೊಳಕ್ಕೇ ತೇಲಿಹೋಯಿತು. ನಾನು ಸಹಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: "ಬಾಗಿಲಲ್ಲಿ ಒಬ್ಬ ನಿಂತಿದ್ದಾನೆ. ಅವನ ಕಾಲುಚೀಲ ಹಸಿರು. ನೀರು ಏರಿ ಈಗ ಕಾಣುತ್ತಿಲ್ಲ."